ವೈದ್ಯಸಭೆಯಲ್ಲಿ ಒಬ್ಬ ರೋಗಿಯ ವೃತ್ತಾಂತ

ವೈದ್ಯವಿದ್ಯೆಯನ್ನು ಕಲಿಸುವ ದೊಡ್ಡ ಆಸ್ಪತ್ರೆಗಳಲ್ಲಿ ವಾರಕ್ಕೊಮ್ಮೆ ಒಂದು ಸಭೆ ಸೇರುವುದುಂಟು. ಹಿರಿಯ ವೈದ್ಯರು ಮುಂದಿನ ಸಾಲಿನಲ್ಲಿಯೂ, ಕಿರಿಯರು ಅವರ ಹಿಂದೆಯೂ, ವಿದ್ಯಾರ್ಥಿಗಳು ಗೋಡೆಯ ಬಳಿಯಲ್ಲಿಯೂ ಕುಳಿತಿರುತ್ತಾರೆ. ಕಿರಿಯ ವೈದ್ಯರಲ್ಲಿ ಒಬ್ಬರು ಎದ್ದುನಿಂತು, ತಮ್ಮ ವಾರ್ಡಿನ ಒಬ್ಬ ರೋಗಿಯ ಸಂಗತಿಯನ್ನು ಸಭೆಗೆ ನಿವೇದಿಸಿಕೊಳ್ಳುತ್ತಾರೆ. ಇದಕ್ಕೆ ‘ಗ್ರ್ಯಾಂಡ್ ರೌಂಡ್ಸ್’ ಎಂದು ಹೆಸರು. ಹಿಂದೆ ಗುರುವೂ ಶಿಷ್ಯರೂ ಮಂಚದಿಂದ ಮಂಚಕ್ಕೆ ಸುತ್ತುತ್ತಿದ್ದುದರಿಂದ ‘ಸುತ್ತು’ ಎಂಬ ಮಾತು ಬಂದಿತು. ಈಗ ಸುತ್ತುವುದು ನಿಂತು, ಕುಳಿತು ಕೇಳುವುದಾಗಿದೆ. ಹೆಸರು ಮಾತ್ರ ಉಳಿದುಕೊಂಡಿದೆ.

ಈ ಪದ್ಧತಿಯು ಬಹುಮಟ್ಟಿಗೆ ಅಮೆರಿಕ ದೇಶದಲ್ಲಿ ಬೆಳೆದುದು. 1889ರಲ್ಲಿ ಬಾಲ್ಟಿಮೋರ್ ನಗರದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಬಂದ ವಿಲಿಯಂ ಆಸ್ಲರ್ ಎಂಬ ಮಹಾವೈದ್ಯರು ವಿದ್ಯಾರ್ಥಿಗಳನ್ನು ಉಪನ್ಯಾಸಮಂದಿರದಿಂದ ಎಬ್ಬಿಸಿ ರೋಗಿಯ ಹಾಸಿಗೆಯ ಬಳಿಗೆ ಕರೆದೊಯ್ದರು. ಬಾಸ್ಟನ್ ನಗರದಲ್ಲಿ ರಿಚರ್ಡ್ ಕ್ಯಾಬಟ್ ಎಂಬವರು 1910ರಲ್ಲಿ ಇನ್ನೊಂದು ಕ್ರಮವನ್ನು ತೊಡಗಿಸಿದರು. ತೀರಿಕೊಂಡ ರೋಗಿಯ ವೃತ್ತಾಂತವನ್ನು, ಶವಪರೀಕ್ಷೆಯ ಫಲವನ್ನು ಮಾತ್ರ ಮುಚ್ಚಿಟ್ಟು, ಸಭೆಯ ಮುಂದೆ ಓದುವುದು. ವೈದ್ಯರೊಬ್ಬರು ಅದರಿಂದ ತರ್ಕಿಸಿ ರೋಗವು ಇಂಥದೆಂದು ಹೇಳುವುದು. ಅನಂತರ ಮುಚ್ಚಿಟ್ಟುದನ್ನು ತೆರೆಯುವುದು. ಹೇಳಿದುದು ಸರಿಯಾದರೂ ತಪ್ಪಾದರೂ ಎಲ್ಲರ ಎದುರಿಗೇ ಆಗಬೇಕು. ಇಂದಿನ ಸಭೆಗಳಲ್ಲಿ ಬದುಕಿರುವ ರೋಗಿಗಳ ವಿಷಯವೇ ಹೆಚ್ಚಾಗಿ ಬರುತ್ತದೆಯಾದರೂ, ಮೊದಲು ವೃತ್ತಾಂತ, ಆಮೇಲೆ ದೇಹಪರೀಕ್ಷೆಯಲ್ಲಿ ಕಂಡುದು, ಆಮೇಲೆ ಭೇದನಿದಾನ, ಕೊನೆಗೆ ಚರ್ಚೆ ಎಂಬ ಆನುಪೂರ್ವಿಯು ಆ ಕಾಲದಿಂದ ಹೆಚ್ಚು ಬದಲಾಗಿಲ್ಲ.

ಈ ಅನುಕ್ರಮವು ಬರಿಯ ಶಿಷ್ಟಾಚಾರವಲ್ಲ. ಸಾಲುಗಳು ಹಿಂದುಮುಂದಾದರೆ ರೋಗವೇ ಮರೆಯಾಗಿಬಿಡಬಹುದು. ಅದು ಹೇಗೆಂಬುದನ್ನು ಒಬ್ಬ ರೋಗಿಯ ಮೂಲಕ ವಾಚಕರಿಗೆ ತೋರಿಸಬೇಕೆಂದಿದ್ದೇನೆ. ನಾನು ಕಂಡ ನಾಲ್ಕಾರು ಮಂದಿಯ ಸಂಗತಿಗಳನ್ನು ಬೆರೆಸಿ ಒಬ್ಬನನ್ನಾಗಿ ಮಾಡಿದ್ದೇನೆ. ಆದುದರಿಂದ ಇವನು ಯಾರೆಂದು ಯಾರೂ ಹುಡುಕಬೇಕಾದುದಿಲ್ಲ. ಸಭೆಯಲ್ಲಿಯೂ ಅಷ್ಟೆ. ರೋಗಿಯ ಹೆಸರನ್ನು ಹೇಳಕೂಡದು, ಮುಖವನ್ನು ತೋರಿಸಕೂಡದು, ಅವನ ಒಪ್ಪಿಗೆಯಿಲ್ಲದೆ ಅವನ ಸಂಗತಿಯನ್ನು ಎತ್ತಲೇಕೂಡದು.

ಸಭೆಯಲ್ಲಿ ಮಾತನಾಡಬೇಕಾಗಿದ್ದ ಕಿರಿಯ ವೈದ್ಯೆಯು ಹಿಂದಿನ ದಿನ ಸಂಜೆ ತನ್ನ ಬರಹವನ್ನು ನನಗೆ ಓದಲು ಕೊಟ್ಟಳು. ಆಕೆ ಚುರುಕಾದವಳು, ಅಕ್ಷರವೂ ಮುದ್ದಾಗಿತ್ತು. ಮೊದಲ ವಾಕ್ಯವು ಹೀಗಿತ್ತು: “ಐವತ್ತೆರಡು ವಯಸ್ಸಿನ, ಬೆನ್ನೆಲುಬಿನ ಕ್ಷಯವೆಂದು ಗೊತ್ತಾಗಿರುವ, ಔಷಧವನ್ನು ನಡುವೆ ಬಿಟ್ಟ ರೈತನು ಜ್ವರವೂ ಬೆನ್ನುನೋವೂ ಮರುಕಳಿಸಿ ಬಂದಿದ್ದಾನೆ.”

ಈ ಒಂದು ವಾಕ್ಯದಲ್ಲಿ ಎಲ್ಲವೂ ಮುಗಿದುಹೋಯಿತು. ಇದನ್ನು ಕೇಳಿದ ಕೂಡಲೇ ಸಭೆಯಲ್ಲಿರುವ ನೂರು ಮಂದಿಯೂ ‘ಔಷಧಕ್ಕೆ ಬಗ್ಗದ ಕ್ಷಯ’ ಎಂದು ಮನಸ್ಸಿನಲ್ಲಿ ಬರೆದುಕೊಂಡುಬಿಡುವರು. ಮುಂದೆ ಹೇಳುವುದೆಲ್ಲವೂ ಆ ಗೂಟಕ್ಕೆ ಕಟ್ಟಿದ ಹಸುವಿನಂತೆ ಅದರ ಸುತ್ತಲೇ ತಿರುಗುವುದು. “ಗೊತ್ತಾಗಿರುವ” ಎಂದು ಬರೆದಿದ್ದೀಯಲ್ಲಾ, ಯಾರಿಗೆ ಗೊತ್ತಾಯಿತು, ಯಾವುದರಿಂದ ಗೊತ್ತಾಯಿತು ಎಂದು ಕೇಳಿದೆ. ಆಕೆ ಹಳೆಯ ಕಾಗದಗಳನ್ನು ತಿರುವಿಹಾಕಿದಳು. ಒಂದು ಚೀಟಿಯಲ್ಲಿ ‘ಬೆನ್ನೆಲುಬಿನ ಕ್ಷಯ’ ಎಂದು ಬರೆದಿತ್ತು. ಅದಕ್ಕೆ ಆಧಾರವೇನೆಂದು ನೋಡಿದರೆ ಒಂದು ಕ್ಷಕಿರಣಚಿತ್ರದ ವರದಿ. ಅದರಲ್ಲಿ ‘ಸೊಂಟದ ಮೂಳೆಯ ಅಂಚು ಸವೆದಿದೆ, ಕ್ಷಯವಿರಬಹುದು’ ಎಂದಿತ್ತು. ಕಫದಲ್ಲಿ ಕ್ರಿಮಿ ಕಂಡಿರಲಿಲ್ಲ. ಮೂಳೆಯ ತುಣುಕನ್ನು ಯಾರೂ ತೆಗೆದು ನೋಡಿರಲಿಲ್ಲ. ‘ಇರಬಹುದು’ ಎಂಬ ಮಾತು ಒಂದು ಕಾಗದದಿಂದ ಇನ್ನೊಂದಕ್ಕೆ ಇಳಿಯುವಾಗ ‘ಇದೆ’ ಎಂದಾಗಿತ್ತು. ಆಸ್ಪತ್ರೆಗಳಲ್ಲಿ ಇದು ಅಪರೂಪವಲ್ಲ. ಬರೆಯುವವರಿಗೆ ಬಿಡುವಿಲ್ಲದಿರುವಾಗ ಮೊದಲು ಉದುರಿಹೋಗುವುದು ಸಂದೇಹವಾಚಕ ಪದಗಳೇ.

ಆದುದರಿಂದ ಮೊದಲ ವಾಕ್ಯದಲ್ಲಿ ರೋಗದ ಹೆಸರು ಬರಕೂಡದು. ವಯಸ್ಸು, ಕಸುಬು, ಮುಖ್ಯವಾದ ತೊಂದರೆ, ಅದು ಎಷ್ಟು ಕಾಲದಿಂದ ಎಂಬ ನಾಲ್ಕು ಸಂಗತಿಗಳಿದ್ದರೆ ಸಾಕು. ತಿದ್ದಿದಮೇಲೆ ಅದು ಹೀಗಾಯಿತು: “ಕುರಿ ಸಾಕುವ ಐವತ್ತೆರಡು ವಯಸ್ಸಿನ ಒಬ್ಬರು ಎಂಟು ತಿಂಗಳಿಂದ ಬಿಟ್ಟುಬಿಟ್ಟು ಬರುವ ಜ್ವರದಿಂದಲೂ ಆರು ತಿಂಗಳಿಂದ ಸೊಂಟದ ನೋವಿನಿಂದಲೂ ನರಳುತ್ತಿದ್ದಾರೆ.” ರೈತನೆಂಬುದು ಕುರಿ ಸಾಕುವವನೆಂದಾದುದನ್ನು ವಾಚಕರು ಗಮನಿಸಬೇಕು. ಆತನು ಶಿರಾ ಸೀಮೆಯವನು. ಎರಡೆಕರೆ ಖುಷ್ಕಿ ಜಮೀನು, ಅರುವತ್ತು ಕುರಿ, ನಾಲ್ಕು ಮೇಕೆ, ಎರಡು ಹಸು. ಜಮೀನು ಹೆಸರಿಗೆ, ಬದುಕು ಕುರಿಯಿಂದ. ಕಾಗದದಲ್ಲಿ ಕಸುಬನ್ನು ತುಂಬುವ ಗುಮಾಸ್ತರು ಎಲ್ಲರನ್ನೂ ರೈತರೆಂದೇ ಬರೆಯುತ್ತಾರೆ.

ವೃತ್ತಾಂತವನ್ನು ಹೇಳುವಾಗ ಕಾಲದ ಎಳೆಯನ್ನು ಬಿಡಕೂಡದು. ರೋಗವು ಯಾವ ಕ್ರಮದಲ್ಲಿ ನಡೆಯಿತೋ ಅದೇ ಕ್ರಮದಲ್ಲಿ ಕೇಳುವವರ ಮುಂದೆಯೂ ನಡೆಯಬೇಕು. ಆತನಿಗೆ ಎಂಟು ತಿಂಗಳ ಹಿಂದೆ ಸಂಜೆಯ ಹೊತ್ತು ಜ್ವರ ಬರತೊಡಗಿತು. ರಾತ್ರಿ ಅಂಗಿ ತೊಯ್ಯುವಷ್ಟು ಬೆವರು. ಮೈಕೈ ಕೀಲುಗಳಲ್ಲಿ ನೋವು. ಎರಡು ವಾರದ ಮೇಲೆ ಊರಿನ ಹತ್ತಿರ ರಕ್ತಪರೀಕ್ಷೆ ಮಾಡಿಸಿ, ವಿಡಾಲ್ ಪರೀಕ್ಷೆಯು ಕೂಡಿಬಂದಿತೆಂದು ವಿಷಮಶೀತಜ್ವರಕ್ಕೆ ಹತ್ತು ದಿನ ಔಷಧ ಕೊಟ್ಟರು. ಸ್ವಲ್ಪ ಇಳಿದಂತಾಗಿ ಜ್ವರವು ಮತ್ತೆ ಬಂದಿತು. ಎರಡನೆಯ ತಿಂಗಳಲ್ಲಿ ಸೊಂಟ ಹಿಡಿಯಿತು. ಮೂರನೆಯ ತಿಂಗಳಲ್ಲಿ ಚಿತ್ರ ತೆಗೆದು ಕ್ಷಯದ ನಾಲ್ಕು ಔಷಧಗಳನ್ನು ಆರಂಭಿಸಿದರು. ಮೂರು ವಾರದೊಳಗೆ ಜ್ವರ ನಿಂತಿತು, ಊಟ ಸೇರಿತು. ಎರಡು ತಿಂಗಳಾದ ಮೇಲೆ, ಗುಣವಾಯಿತೆಂದು ತಿಳಿದು, ಮಂದೆಯನ್ನು ಹೊಡೆದುಕೊಂಡು ದೂರದ ಹೊಲಗಳಿಗೆ ಹೋಗಬೇಕಾದುದರಿಂದ ಆತನೇ ಔಷಧವನ್ನು ನಿಲ್ಲಿಸಿದನು. ಆರು ವಾರ ಕಳೆಯುವುದರೊಳಗೆ ಜ್ವರವೂ ನೋವೂ ಹಿಂದಿರುಗಿದುವು. ಒಟ್ಟಿನಲ್ಲಿ ಆರು ಕಿಲೋ ತೂಕ ಇಳಿದುಹೋಗಿತ್ತು.

ಇಷ್ಟನ್ನು ಆಕೆ ಚೆನ್ನಾಗಿಯೇ ಬರೆದಿದ್ದಳು. ಔಷಧದಿಂದ ಗುಣವಾದುದು, ಬಿಟ್ಟಾಗ ಮರುಕಳಿಸಿದುದು, ಇವೆರಡೂ ಕ್ಷಯವೆಂಬುದಕ್ಕೆ ಸಾಕ್ಷಿಯೆಂದು ಪಕ್ಕದಲ್ಲಿ ಗೀಟನ್ನೂ ಎಳೆದಿದ್ದಳು. ಕೆಳಗೆ ಒಂದು ಸಾಲು: “ಹಸಿ ಹಾಲು ಕುಡಿಯುವ ಅಭ್ಯಾಸವಿಲ್ಲ.”

ಇಬ್ಬರೂ ವಾರ್ಡಿಗೆ ಹೋದೆವು. ಆಕೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುವಂತೆ ಹೇಳಿದೆ. “ಯಜಮಾನರೇ, ಹಸಿ ಹಾಲು ಕುಡಿಯುತ್ತೀರಾ?” “ಇಲ್ಲ ತಾಯಿ, ನಮ್ಮ ಮನೆಯಲ್ಲಿ ಕಾಸದೆ ಹಾಲು ಕುಡಿಯುವುದಿಲ್ಲ.” ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಅನಂತರ ನಾನು, “ಮಂದೆಯನ್ನು ಹೊಲದಲ್ಲಿ ತರುಬಿ ರಾತ್ರಿ ಅಲ್ಲಿಯೇ ಮಲಗುತ್ತೀರಲ್ಲ, ಹೊಟ್ಟೆಗೆ ಏನು ಮಾಡುತ್ತೀರಿ?” ಎಂದೆ. “ರಾತ್ರಿಗೆ ಮುದ್ದೆ ಒಯ್ಯುತ್ತೇವೆ ಸ್ವಾಮಿ. ಬೆಳಗಿನ ಜಾವಕ್ಕೆ ಮೇಕೆ ಕರೆದು ಒಂದೊಂದು ಲೋಟ ನೊರೆಹಾಲು.” “ಅದು ಹಸಿ ಹಾಲಲ್ಲವೇ?” ಆತನಿಗೆ ನಗು ಬಂದಿತು. “ಹಸಿ ಹಾಲೆಂದರೆ ಆರಿದ್ದು, ಸ್ವಾಮಿ. ಇದು ನೊರೆಹಾಲು, ಬೆಚ್ಚಗಿರುತ್ತದೆ.”

“ಕುರಿ ಈಯುವಾಗ ಮರಿ ಅಡ್ಡವಾದರೆ ಎಳೆಯುವವರು ಯಾರು?” “ನಾನೇ. ಇನ್ನು ಯಾರು?” “ಮಾಸು ಬೀಳದಿದ್ದರೆ?” “ಕೈ ಹಾಕಿ ತೆಗೆಯುತ್ತೇನೆ.” ಈ ವರ್ಷ ಈಯುವ ಕಾಲ ಹೇಗಾಯಿತೆಂದು ಕೇಳಿದುದಕ್ಕೆ ಆತನ ಮುಖ ಬಾಡಿತು. ಎಂಟು ಹತ್ತು ಕುರಿಗಳು ತಿಂಗಳು ತುಂಬುವ ಮೊದಲೇ ಕಂದು ಹಾಕಿದ್ದುವು. ಆದು ಎಷ್ಟು ದಿನಕ್ಕೆ ಜ್ವರ ಬಂದಿತೆಂದು ಲೆಕ್ಕ ಹಾಕಿದರೆ ಸುಮಾರು ಒಂದು ತಿಂಗಳು.

ಆತನು ಯಾವುದನ್ನೂ ಬಚ್ಚಿಟ್ಟಿರಲಿಲ್ಲ. ನಮ್ಮ ಪ್ರಶ್ನೆಯು ಪುಸ್ತಕದ ಮಾತಿನಲ್ಲಿತ್ತು, ಆತನ ಬಾಳು ಬೇರೆ ಮಾತಿನಲ್ಲಿ ನಡೆಯುತ್ತಿತ್ತು. ಆದುದರಿಂದ ಸಭೆಯ ಬರಹದಲ್ಲಿ ‘ಅಭ್ಯಾಸವಿಲ್ಲ’, ‘ಇಲ್ಲವೆಂದನು’ ಎಂಬ ಸಾಲುಗಳನ್ನು ನಾನು ಯಾವಾಗಲೂ ಸಂಶಯದಿಂದಲೇ ನೋಡುತ್ತೇನೆ. ಇಲ್ಲವೆಂಬ ಸಂಗತಿಗೆ ಬೆಲೆಯುಂಟು. ಆದರೆ ಯಾವ ಮಾತಿನಲ್ಲಿ ಕೇಳಿದಾಗ ಇಲ್ಲವೆಂದನೆಂಬುದು ಬರೆದವರಿಗೆ ನೆನಪಿರಬೇಕು.

ಇನ್ನು ದೇಹಪರೀಕ್ಷೆ. ಇಲ್ಲಿ ಕಂಡುದನ್ನು ಹೇಳಬೇಕೇ ಹೊರತು, ಕಂಡುದರ ಅರ್ಥವನ್ನು ಹೇಳಕೂಡದು. ‘ಕ್ಷಯದಿಂದ ಸವೆದ ಮೂಳೆ’ ಎನ್ನಬಾರದು. ‘ಮೂಳೆಯ ಮುಂದಣ ಮೇಲಂಚು ಸವೆದಿದೆ’ ಎನ್ನಬೇಕು. ಮೊದಲನೆಯದು ತೀರ್ಪು, ಎರಡನೆಯದು ಸಾಕ್ಷ್ಯ. ಕೇಳುವವರು ನ್ಯಾಯಾಧೀಶರ ಸ್ಥಾನದಲ್ಲಿರುವಾಗ ಸಾಕ್ಷಿಯೇ ತೀರ್ಪನ್ನು ಓದಿಬಿಟ್ಟರೆ ಅವರಿಗೇನು ಕೆಲಸ?

ಕಂಡುದಿಷ್ಟು. ಜ್ವರ 101.4 ಡಿಗ್ರಿ ಫಾರನ್‌ಹೀಟ್. ಗುಲ್ಮವು ಎಡ ಪಕ್ಕೆಲುಬಿನ ಕೆಳಗೆ ಎರಡು ಬೆರಳಿನಷ್ಟು ಕೈಗೆ ಸಿಕ್ಕುತ್ತಿತ್ತು. ಸೊಂಟದ ಕೆಳಭಾಗದಲ್ಲಿ ಬೆರಳಿಂದ ತಟ್ಟಿದರೆ ನೋವು, ಬೆನ್ನು ಗೂನಾಗಿರಲಿಲ್ಲ, ಕಾಲುಗಳ ಬಲವೂ ಸ್ಪರ್ಶಜ್ಞಾನವೂ ಸರಿಯಾಗಿದ್ದುವು. ಹೃದಯದಲ್ಲಿ ಅಪಶಬ್ದವಿಲ್ಲ, ಶ್ವಾಸಕೋಶಗಳು ಶುದ್ಧ. ಆಕೆಯ ಬರಹವು ಇಲ್ಲಿಗೆ ನಿಂತಿತ್ತು. ಆತನು ಪಂಚೆಯುಟ್ಟೇ ಮಲಗಿದ್ದನು. ಪರೀಕ್ಷಿಸುವವಳು ಹೆಣ್ಣುಮಗಳಾದುದರಿಂದ ಇಬ್ಬರಿಗೂ ಸಂಕೋಚ. ಪರದೆಯನ್ನೆಳೆದು ನಾನು ನೋಡಿದಾಗ ಎಡ ವೃಷಣವು ಊದಿಕೊಂಡು, ಮುಟ್ಟಿದರೆ ನೋಯುತ್ತಿತ್ತು. ಹದಿನೈದು ದಿನದಿಂದ ಹೀಗಿದೆಯೆಂದೂ, ಬೆನ್ನುನೋವಿಗೆ ಬಂದವನು ಇದನ್ನೇಕೆ ಹೇಳಬೇಕೆಂದು ಸುಮ್ಮನಿದ್ದೆನೆಂದೂ ಆತನು ಹೇಳಿದನು. ಯಾವ ಅಂಗವನ್ನು ಪರೀಕ್ಷಿಸಲಿಲ್ಲವೋ ಅದನ್ನು ‘ಪರೀಕ್ಷಿಸಿಲ್ಲ’ ಎಂದೇ ಬರೆಯಬೇಕು. ಖಾಲಿ ಬಿಟ್ಟರೆ ಓದುವವರು ಅದನ್ನು ‘ಸರಿಯಾಗಿದೆ’ ಎಂದು ತುಂಬಿಕೊಳ್ಳುತ್ತಾರೆ.

ರಕ್ತದ ಫಲಗಳಲ್ಲಿ ಎರಡು ಮೂರನ್ನು ಮಾತ್ರ ಸಭೆಗೆ ಹೇಳಿದರೆ ಸಾಕು. ನಲ್ವತ್ತು ಅಂಕಿಗಳನ್ನು ಪರದೆಯ ಮೇಲೆ ತೋರಿಸಿದರೆ ಯಾರೂ ಒಂದನ್ನೂ ಓದುವುದಿಲ್ಲ. ಆತನ ಬಿಳಿಯ ಕಣಗಳು 4,600. ಅವುಗಳಲ್ಲಿ ನೂರಕ್ಕೆ ಐವತ್ತೆರಡು ಲಿಂಫೊಸೈಟುಗಳು. ಕೀವು ಮಾಡುವ ಸಾಮಾನ್ಯ ಕ್ರಿಮಿಗಳಿದ್ದರೆ ಬಿಳಿಯ ಕಣಗಳು ಏರಬೇಕಾಗಿತ್ತು. ಎಂ.ಆರ್.ಐ. ಚಿತ್ರದಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಮಣಿಗಳ ಅಂಚು ಸವೆದಿದ್ದುವು, ಮಣಿಗಳು ಕುಸಿದಿರಲಿಲ್ಲ, ನಡುವಣ ಮೆತ್ತೆಯ ಎತ್ತರವು ಬಹುಮಟ್ಟಿಗೆ ಉಳಿದಿತ್ತು, ದೊಡ್ಡ ಕೀವುಗಡ್ಡೆಯಿರಲಿಲ್ಲ.

ಇಲ್ಲಿಗೆ ಬಂದಾಗ ಮಾತನಾಡುವವರು ಒಂದು ಕ್ಷಣ ನಿಲ್ಲಬೇಕು. ಇದುವರೆಗೆ ಹೇಳಿದುದನ್ನೆಲ್ಲ ಒಂದೇ ವಾಕ್ಯದಲ್ಲಿ ಹಿಡಿದು ಸಭೆಗೆ ಒಪ್ಪಿಸಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಬರಹದಲ್ಲಿ ಬಹಳ ಕಷ್ಟವಾದುದು ಈ ವಾಕ್ಯವೇ. ಏನನ್ನು ಒಳಗೆ ಬಿಟ್ಟುಕೊಳ್ಳುತ್ತೇವೆ, ಏನನ್ನು ಹೊರಗಿಡುತ್ತೇವೆ ಎಂಬುದರ ಮೇಲೆ ಮುಂದಣ ತರ್ಕವೆಲ್ಲ ನಿಂತಿದೆ. ಆಕೆ ಮೂರು ಸಲ ಬರೆದು ಹೊಡೆದುಹಾಕಿ, ಕಡೆಗೆ ಹೀಗೆ ಬರೆದಳು: “ಕಂದು ಹಾಕಿದ ಕುರಿಗಳನ್ನು ಬರಿಗೈಯಿಂದ ಮುಟ್ಟಿದ, ಕಾಯಿಸದ ಮೇಕೆಹಾಲನ್ನು ಕುಡಿದ ಐವತ್ತೆರಡು ವಯಸ್ಸಿನವರೊಬ್ಬರಲ್ಲಿ ಎಂಟು ತಿಂಗಳ ಏರಿಳಿತದ ಜ್ವರ, ಸೊಂಟದ ಕೆಳಮಣಿಗಳ ಸವೆತ, ಗುಲ್ಮದ ಹಿಗ್ಗು, ಒಂದು ವೃಷಣದ ಊತ, ಕ್ಷಯದ ಔಷಧದಿಂದ ತಾತ್ಕಾಲಿಕ ಗುಣ.” ಹಿಂದಿನ ಸಂಜೆಯ ಮೊದಲ ವಾಕ್ಯದೊಡನೆ ಇದನ್ನು ಹೋಲಿಸಿದರೆ, ರೋಗಿಯು ಒಬ್ಬನೇ ಎಂದು ನಂಬುವುದು ಕಷ್ಟ.

ಭೇದನಿದಾನವೆಂದರೆ, ಈ ಲಕ್ಷಣಗಳನ್ನು ಉಂಟುಮಾಡಬಹುದಾದ ರೋಗಗಳನ್ನು ಒಂದೊಂದಾಗಿ ಕರೆದು, ಪರವಾಗಿಯೂ ವಿರೋಧವಾಗಿಯೂ ಇರುವುದನ್ನು ತೂಗಿನೋಡುವುದು. ಹೊಸಬರು ಇಪ್ಪತ್ತು ಹೆಸರುಗಳನ್ನು ಒಂದೇ ಉಸಿರಿಗೆ ಓದಿ ಪಾಂಡಿತ್ಯವನ್ನು ತೋರಿಸುತ್ತಾರೆ. ನಾಲ್ಕು ಹೆಸರು ಸಾಕು. ಆದರೆ ಪ್ರತಿಯೊಂದಕ್ಕೂ ಈ ರೋಗಿಯಲ್ಲಿ ಏನು ಕೂಡುತ್ತದೆ, ಏನು ಕೂಡುವುದಿಲ್ಲ ಎಂಬುದು ಬರಬೇಕು.

ಕ್ಷಯವನ್ನು ಮೊದಲು ಕರೆಯಲೇಬೇಕು. ನಮ್ಮ ದೇಶದಲ್ಲಿ ಬೆನ್ನೆಲುಬು ಸವೆದು ಜ್ವರ ಬಂದರೆ ಅದನ್ನು ಬಿಟ್ಟು ಯೋಚಿಸುವುದು ಅವಿವೇಕ. ತೂಕ ಇಳಿದುದು, ರಾತ್ರಿಯ ಬೆವರು, ಔಷಧಕ್ಕೆ ಗುಣ ಕಂಡುದು, ಇವು ಪರವಾಗಿವೆ. ಆದರೆ ಬೆನ್ನೆಲುಬಿನ ಕ್ಷಯವು ಬೆನ್ನಿನ ನಡುಭಾಗವನ್ನು ಹಿಡಿಯುವುದೇ ಹೆಚ್ಚು. ಮಣಿಯನ್ನು ಕುಸಿಯಿಸಿ ಗೂನು ಮಾಡುವುದು, ಪಕ್ಕದಲ್ಲಿ ಕೀವು ಕಟ್ಟುವುದು ಅದರ ಸ್ವಭಾವ. ಆರು ತಿಂಗಳ ನೋವಿನ ಮೇಲೂ ಇಲ್ಲಿ ಅವೊಂದೂ ಕಾಣಲಿಲ್ಲ. ಇದರಿಂದ ಕ್ಷಯವು ಬಿದ್ದುಹೋಗುವುದಿಲ್ಲ. ಅದರ ತೂಕ ಕಡಮೆಯಾಗುತ್ತದೆ.

ಎರಡನೆಯದು ಹೃದಯದ ಕವಾಟಗಳಿಗೆ ಕ್ರಿಮಿ ಹತ್ತುವ ರೋಗ. ಬಹುದಿನದ ಜ್ವರ, ಗುಲ್ಮದ ಹಿಗ್ಗು, ಬೆನ್ನುನೋವು ಅದರಲ್ಲಿಯೂ ಉಂಟು. ಇವನಲ್ಲಿ ಅದು ಅಷ್ಟು ಸಂಭವವಲ್ಲವಾದರೂ ಮರೆತರೆ ಪ್ರಾಣಕ್ಕೇ ಮುಳುವಾಗುವುದರಿಂದ ಪಟ್ಟಿಯಲ್ಲಿರಬೇಕು. ಹೃದಯದ ಪ್ರತಿಧ್ವನಿಚಿತ್ರವನ್ನು ತೆಗೆಸಿ, ಕವಾಟಗಳು ಸರಿಯಾಗಿವೆಯೆಂದು ಕಂಡ ಮೇಲೆಯೇ ಅದನ್ನು ಕೆಳಗಿಳಿಸಿದೆವು. ಮೂರನೆಯದು ಅರ್ಬುದ. ಐವತ್ತು ದಾಟಿದವನ ಬೆನ್ನೆಲುಬಿಗೆ ಬೇರೆ ಕಡೆಯ ಅರ್ಬುದವು ಹರಡುವುದುಂಟು. ಆದರೆ ಅದು ಮಣಿಯ ಒಡಲನ್ನು ತಿನ್ನುವುದೇ ಹೊರತು, ಮೆತ್ತೆಯ ಎರಡು ಪಕ್ಕದ ಅಂಚುಗಳನ್ನು ಹೀಗೆ ಹಿಡಿಯುವುದು ವಿರಳ.

ನಾಲ್ಕನೆಯದು ಬ್ರುಸೆಲ್ಲೋಸಿಸ್. ದನಕುರಿಗಳಲ್ಲಿ ಇದನ್ನು ಕಂದುರೋಗವೆಂದು ಕರೆಯುತ್ತಾರೆ. ಸೊಂಟದ ಕೆಳಮಣಿಗಳೂ, ಅವುಗಳ ಮುಂದಣ ಮೇಲಂಚೂ ಇದಕ್ಕೆ ಪ್ರಿಯವಾದ ಸ್ಥಾನ. ಗುಲ್ಮ ಹಿಗ್ಗುವುದು, ಬಿಳಿಯ ಕಣಗಳು ಏರದಿರುವುದು, ವೃಷಣದ ಊತ, ಕುರಿಗಳು ಕಂದು ಹಾಕಿದುದು, ನೊರೆಹಾಲು, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಳ್ಳುತ್ತವೆ. ಕೂಡದೆ ಉಳಿಯುವುದು ಒಂದೇ: ಕ್ಷಯದ ಔಷಧದಿಂದ ಗುಣವಾದುದು ಹೇಗೆ? ಇದಕ್ಕೆ ಉತ್ತರವನ್ನು ಚರ್ಚೆಗೆ ಬಿಟ್ಟು, ಬರಹದಲ್ಲಿ ಪ್ರಶ್ನೆಯನ್ನು ಮಾತ್ರ ಇರಿಸಿದೆವು.

ಹಿಂದಿನ ಸಂಜೆಯೇ ಸಭೆಯನ್ನು ಎರಡು ವಾರ ಮುಂದೆ ಹಾಕಿಸಿಕೊಂಡಿದ್ದೆವು. ನಿಜವಾದ ಪರೀಕ್ಷೆಗಳು ಇನ್ನೂ ಆಗಬೇಕಾಗಿದ್ದುವು. ರಕ್ತವನ್ನು ಕ್ರಿಮಿಬೆಳೆಗೆ ಕಳುಹಿಸುವಾಗ ಪ್ರಯೋಗಶಾಲೆಯವರಿಗೆ ‘ಬ್ರುಸೆಲ್ಲಾ ಇರಬಹುದು’ ಎಂದು ಚೀಟಿಯಲ್ಲಿ ಬರೆದುದಲ್ಲದೆ, ಆಕೆ ತಾನೇ ಹೋಗಿ ಹೇಳಿಬಂದಳು. ಇದಕ್ಕೆ ಎರಡು ಕಾರಣಗಳುಂಟು. ಈ ಕ್ರಿಮಿಯು ನಿಧಾನವಾಗಿ ಬೆಳೆಯುವುದು. ಹೇಳದಿದ್ದರೆ ಐದಾರು ದಿನಕ್ಕೆ ‘ಏನೂ ಬೆಳೆಯಲಿಲ್ಲ’ ಎಂದು ಸೀಸೆಯನ್ನು ಎಸೆದುಬಿಡಬಹುದು. ಎರಡನೆಯದಾಗಿ, ತಟ್ಟೆಯ ಮೇಲೆ ಬೆಳೆದ ಈ ಕ್ರಿಮಿಯು ಗಾಳಿಗೆ ಹಾರಿ, ಮೂಸಿನೋಡಿದವರಿಗೇ ಅಂಟುತ್ತದೆ. ಪ್ರಯೋಗಶಾಲೆಯ ಕೆಲಸಗಾರರಿಗೆ ತಗಲುವ ರೋಗಗಳಲ್ಲಿ ಇದು ಹೆಸರುವಾಸಿ.

ರಕ್ತದ ಕೂಡುಪರೀಕ್ಷೆಯ ಫಲವು ಎರಡನೆಯ ದಿನವೇ ಬಂದಿತು: ‘ಇಲ್ಲ’. ಆಕೆಯ ಮುಖ ಸಪ್ಪಗಾಯಿತು. ರಕ್ತದ ನೀರನ್ನು ಎಷ್ಟು ಮಡಿ ತೆಳುಮಾಡಿ ನೋಡಿದಿರಿ ಎಂದು ಕೇಳಿಕಳುಹಿಸಿದೆವು. ನಲ್ವತ್ತು ಮಡಿಯವರೆಗೆ ಮಾತ್ರ ನೋಡಿದ್ದರು. ಈ ಪರೀಕ್ಷೆಯ ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ರೋಗಿಯ ರಕ್ತದಲ್ಲಿರುವ ಪ್ರತಿವಸ್ತುಗಳು ಒಂದು ಕ್ರಿಮಿಯನ್ನು ಇನ್ನೊಂದಕ್ಕೆ ಬೆಸೆದು ಮುದ್ದೆಗಟ್ಟಿಸುತ್ತವೆ, ಮುದ್ದೆಗಟ್ಟಿದರೆ ರೋಗವಿದೆಯೆಂದರ್ಥ. ಆದರೆ ಪ್ರತಿವಸ್ತುಗಳು ಅತಿಯಾಗಿದ್ದರೆ ಪ್ರತಿಯೊಂದು ಕ್ರಿಮಿಯ ಮೈಯೂ ಅವುಗಳಿಂದಲೇ ತುಂಬಿಹೋಗಿ, ನೆರೆಯದನ್ನು ಹಿಡಿಯಲು ಎಡೆಯೇ ಉಳಿಯುವುದಿಲ್ಲ. ರೋಗವು ಬಲವಾಗಿರುವಲ್ಲಿಯೇ ಪರೀಕ್ಷೆಯು ಇಲ್ಲವೆನ್ನುತ್ತದೆ. ಇನ್ನೂ ತೆಳುಮಾಡಿದಾಗ 1,280 ಮಡಿಯವರೆಗೂ ಮುದ್ದೆಗಟ್ಟಿತು. ಸಾಮಾನ್ಯವಾಗಿ 160 ಮಡಿ ದಾಟಿದರೆ ಗಮನಿಸತಕ್ಕದ್ದೆಂದು ಎಣಿಸುತ್ತಾರೆ. ಏಳನೆಯ ದಿನ ರಕ್ತದ ಸೀಸೆಯಲ್ಲಿ ಕ್ರಿಮಿಯೂ ಬೆಳೆಯಿತು. ಸೂಜಿಯಿಂದ ತೆಗೆದ ಮೂಳೆಯ ತುಣುಕಿನಲ್ಲಿ ಕ್ಷಯದ ಕ್ರಿಮಿಯ ಗುರುತು ಸಿಕ್ಕಲಿಲ್ಲ.

ಮೊದಲು ‘ಇಲ್ಲ’ವೆಂದು ಬಂದ ಫಲವನ್ನು ಬರಹದಿಂದ ಬಿಟ್ಟುಬಿಡಲೇ ಎಂದು ಆಕೆ ಕೇಳಿದಳು. ಬಿಡಕೂಡದೆಂದೆ. ನಾವು ಎಲ್ಲಿ ಎಡವಿದೆವೋ ಅಲ್ಲಿ ಸಭೆಯೂ ಎಡವಬೇಕು. ಅಂತೆಯೇ ವೃಷಣವನ್ನು ಮೊದಲ ದಿನ ಪರೀಕ್ಷಿಸಲಿಲ್ಲವೆಂಬುದನ್ನೂ ಆಕೆ ಸೇರಿಸಿಕೊಂಡಳು. ಅದನ್ನು ಸೇರಿಸೆಂದು ನಾನು ಹೇಳಿರಲಿಲ್ಲ.

ಸಭೆಯ ದಿನ ವೃತ್ತಾಂತಕ್ಕೂ ಪರೀಕ್ಷೆಗೂ ಹನ್ನೆರಡು ನಿಮಿಷಗಳಾದುವು. ಕ್ರಿಮಿಬೆಳೆಯ ಫಲವನ್ನು ತೆರೆಯುವ ಮೊದಲು ಹಿರಿಯರೊಬ್ಬರನ್ನು ಅಭಿಪ್ರಾಯ ಕೇಳಿದರು. ಅವರು ನೊರೆಹಾಲಿನ ಮಾತನ್ನು ಕೇಳಿದಾಗಲೇ ಕನ್ನಡಕವನ್ನು ತೆಗೆದು ಒರಸಿಕೊಂಡಿದ್ದರು. ರೋಗವನ್ನು ಸರಿಯಾಗಿಯೇ ಹೇಳಿದರು. ಆದರೆ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಕ್ಷಯದ ಔಷಧದಿಂದ ಗುಣವಾದುದಕ್ಕೆ ಏನು ಹೇಳುತ್ತೀರಿ ಎಂದು ಕೇಳಿದರು.

ಚರ್ಚೆಯೆಂದರೆ ಪುಸ್ತಕದ ಅಧ್ಯಾಯವನ್ನು ಓದುವುದಲ್ಲ; ಈ ರೋಗಿಯಿಂದ ಹುಟ್ಟಿದ ಒಂದು ಪ್ರಶ್ನೆಗೆ ಉತ್ತರ ಹುಡುಕುವುದು. ಇಲ್ಲಿ ಪ್ರಶ್ನೆಯು ಇದೇ. ಕ್ಷಯದ ನಾಲ್ಕು ಔಷಧಗಳಲ್ಲಿ ರಿಫಾಂಪಿಸಿನ್ ಒಂದು. ಅದು ಕ್ಷಯದ ಕ್ರಿಮಿಯನ್ನು ಕೊಲ್ಲುವಂತೆ ಬ್ರುಸೆಲ್ಲಾ ಕ್ರಿಮಿಯನ್ನೂ ಹಿಡಿಯುತ್ತದೆ. ಹಿಂದೆ ಕ್ಷಯಕ್ಕೆ ಹೆಚ್ಚಾಗಿ ಚುಚ್ಚುತ್ತಿದ್ದ ಸ್ಟ್ರೆಪ್ಟೊಮೈಸಿನ್ ಕೂಡ ಅಂಥದೇ. ಆದರೆ ಈ ಕ್ರಿಮಿಯು ನಮ್ಮ ಜೀವಕೋಶಗಳ ಒಳಗೆ ಅಡಗಿಕೊಳ್ಳುವುದರಿಂದ ಒಂದೇ ಔಷಧದಿಂದ ಬೇರುಸಹಿತ ಹೋಗುವುದಿಲ್ಲ; ಜ್ವರ ಇಳಿಯುತ್ತದೆ, ಔಷಧ ನಿಂತೊಡನೆ ಮರಳುತ್ತದೆ. ಹೀಗೆ ತಪ್ಪು ನಿದಾನಕ್ಕೆ ಕೊಟ್ಟ ಔಷಧವೇ ಆ ನಿದಾನಕ್ಕೆ ಸಾಕ್ಷಿ ಹೇಳಿತು. ಔಷಧದಿಂದ ಗುಣವಾದುದನ್ನು ರೋಗಕ್ಕೆ ಪ್ರಮಾಣವೆಂದು ಹಿಡಿಯಬೇಕಾದರೆ, ಆ ಔಷಧವು ಪಟ್ಟಿಯಲ್ಲಿರುವ ಬೇರೆ ರೋಗಗಳಿಗೆ ನಾಟದೆಂಬುದನ್ನು ಮೊದಲು ನೋಡಬೇಕು. ಮೊದಲ ಬರಹವು ಹಾಗೆಯೇ ಉಳಿದಿದ್ದರೆ, ಬಗ್ಗದ ಕ್ಷಯಕ್ಕೆಂದು ಕಟುವಾದ ಬೇರೆ ಔಷಧಗಳನ್ನು ತಿಂಗಳುಗಟ್ಟಲೆ ಕೊಡುವ ಮಾತು ಬರುತ್ತಿತ್ತು.

ವಿಡಾಲ್ ಪರೀಕ್ಷೆಯ ವಿಷಯವನ್ನೂ ಒಬ್ಬರು ಎತ್ತಿದರು. ವಿಷಮಶೀತಜ್ವರವು ಎಲ್ಲೆಲ್ಲಿಯೂ ಇರುವ ನಾಡಿನಲ್ಲಿ, ಎಂದೋ ತಗಲಿಹೋದುದರ ಗುರುತು ರಕ್ತದಲ್ಲಿ ಉಳಿದಿರುತ್ತದೆ. ಒಂದೇ ಸಲದ ವಿಡಾಲ್ ಫಲವು ಇಂದಿನ ಜ್ವರಕ್ಕೆ ಪ್ರಮಾಣವಾಗಲಾರದು. ಇದನ್ನು ಬೇಗ ಮುಗಿಸಿದರು.

ಆಕೆ ಎರಡು ನಿಮಿಷ ಈ ರೋಗದ ಚರಿತ್ರೆಯನ್ನು ಹೇಳಿದಳು. ಮಾಲ್ಟಾ ದ್ವೀಪದ ಇಂಗ್ಲಿಷ್ ದಂಡಿನಲ್ಲಿ ಸಿಪಾಯಿಗಳು ತಿಂಗಳುಗಟ್ಟಲೆ ಜ್ವರದಿಂದ ಮಲಗುತ್ತಿದ್ದರು. ಡೇವಿಡ್ ಬ್ರೂಸ್ ಎಂಬ ದಂಡಿನ ವೈದ್ಯರು ಸತ್ತವರ ಗುಲ್ಮದಲ್ಲಿ ಈ ಕ್ರಿಮಿಯನ್ನು ಕಂಡು 1887ರಲ್ಲಿ ಪ್ರಕಟಿಸಿದರು. ಅದು ಎಲ್ಲಿಂದ ಬರುತ್ತದೆಂಬುದು ಮಾತ್ರ ಹದಿನೆಂಟು ವರ್ಷ ತಿಳಿಯಲಿಲ್ಲ. 1905ರಲ್ಲಿ ಮಾಲ್ಟಾದವರೇ ಆದ ಥೆಮಿಸ್ಟೊಕ್ಲಿಸ್ ಝಾಮಿಟ್ ಮೇಕೆಗಳ ರಕ್ತವನ್ನು ಪರೀಕ್ಷಿಸಿದರು. ನೋಡಲು ಆರೋಗ್ಯವಾಗಿದ್ದ ಮೇಕೆಗಳ ರಕ್ತವೂ ಕೂಡಿಬಂದಿತು; ಹಾಲಿನಲ್ಲಿಯೂ ಕ್ರಿಮಿ ಸಿಕ್ಕಿತು. ಮರುವರ್ಷ ದಂಡಿಗೆ ಮೇಕೆಹಾಲನ್ನು ನಿಲ್ಲಿಸಿದರು. ಸಿಪಾಯಿಗಳ ಜ್ವರವೂ ಬಹುಮಟ್ಟಿಗೆ ನಿಂತಿತು. ನೂರು ವರ್ಷಕ್ಕೆ ಹಿಂದಿನ ಸಂಗತಿಯಾದರೂ, ಮೇಕೆಯು ಆರೋಗ್ಯವಾಗಿಯೇ ಕಂಡಿತೆಂಬುದನ್ನು ಕೇಳಿದಾಗ ಸಭೆಯು ಒಂದು ಗಳಿಗೆ ಮೌನವಾಯಿತು.

ಚಿಕಿತ್ಸೆಯ ವಿಷಯದಲ್ಲಿ ಸ್ವಲ್ಪ ವಾದವಾಯಿತು. ಬೆನ್ನೆಲುಬು ಹಿಡಿಯದವರಿಗೆ ಆರು ವಾರದ ಔಷಧ ಸಾಕು. ಹಿಡಿದವರಿಗೆ ಮೂರು ತಿಂಗಳಾದರೂ ಬೇಕು. ದಿನಕ್ಕೆರಡು ಸಲ ನೂರು ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಮುಖ್ಯವಾದುದು. ಅದರೊಡನೆ ರಿಫಾಂಪಿಸಿನ್ ಮಾತ್ರ ಸಾಕೆಂದು ಕೆಲವರು. ಆತನು ಒಮ್ಮೆ ಅದನ್ನು ತಿಂದು ಬಿಟ್ಟಿರುವುದರಿಂದ ಅದೊಂದನ್ನೇ ಜೊತೆಗಾರನೆಂದು ನಂಬಕೂಡದೆಂದು ಕೆಲವರು. ಕಡೆಗೆ ಮೊದಲ ಮೂರು ವಾರ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದನ್ನೂ ಕೂಡಿಸುವುದೆಂದು ತೀರ್ಮಾನವಾಯಿತು. ಆ ಮದ್ದು ಕಿವಿಗೂ ಮೂತ್ರಪಿಂಡಕ್ಕೂ ಕೆಡಕು ಮಾಡುವುದಾದುದರಿಂದ ಎರಡನ್ನೂ ಆಗಾಗ ನೋಡುತ್ತಿರಬೇಕು.

ಬರಹದ ಕೊನೆಯ ಪುಟವನ್ನು ಆಕೆ ಮನೆಯವರಿಗೂ ಮಂದೆಗೂ ಮೀಸಲಿಟ್ಟಿದ್ದಳು. ಆತನ ಹೆಂಡತಿಗೆ ರೋಗವಿರಲಿಲ್ಲ. ಹತ್ತೊಂಬತ್ತು ವಯಸ್ಸಿನ ಮಗನಿಗೆ ಮಂಡಿನೋವೂ ಸಣ್ಣ ಜ್ವರವೂ ಇದ್ದು, ಪರೀಕ್ಷೆಯು ಕೂಡಿಬಂದಿತು. ಮಗನೂ ಬೆಳಗಿನ ಜಾವ ನೊರೆಹಾಲು ಕುಡಿಯುವವನೇ. ಹಾಲನ್ನು ಒಮ್ಮೆ ಉಕ್ಕಿಸಿದರೆ ಕ್ರಿಮಿ ಸಾಯುವುದೆಂದು ಹೇಳಿ ಇಬ್ಬರನ್ನೂ ಒಪ್ಪಿಸಿದ್ದಾಯಿತು. ಈಯುವ ಕಾಲಕ್ಕೆ ಕೈಗೆ ರಬ್ಬರಿನ ಚೀಲ, ಬಿದ್ದ ಮಾಸನ್ನು ನಾಯಿಗೆಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳುವುದು, ಇವನ್ನೂ ಹೇಳಿದೆವು. ಪಶುವೈದ್ಯರಿಗೆ ಕಾಗದ ಹೋಯಿತು. ಹೆಣ್ಣುಕರುಗಳಿಗೆ ನಾಲ್ಕರಿಂದ ಎಂಟು ತಿಂಗಳ ವಯಸ್ಸಿನೊಳಗೆ ಈ ರೋಗದ ಲಸಿಕೆ ಹಾಕುವ ಕಾರ್ಯವನ್ನು 2019ರಲ್ಲಿ ಆರಂಭವಾದ ಸರ್ಕಾರದ ಯೋಜನೆಯಲ್ಲಿ ಸೇರಿಸಿದ್ದಾರೆ. ಆದರೆ ಆತನ ಬದುಕು ನಿಂತಿದ್ದುದು ಕುರಿಗಳ ಮೇಲೆ.

ರೋಗ ತಗಲಿದ ಕುರಿಗಳನ್ನು ಬೇರ್ಪಡಿಸಬೇಕೆಂದು ಪಶುವೈದ್ಯರು ಹೇಳಿದಾಗ ಆತನು, “ಅರುವತ್ತರಲ್ಲಿ ಎಷ್ಟು ಹೋಗುತ್ತವೆ, ಸ್ವಾಮಿ?” ಎಂದು ಕೇಳಿದನಂತೆ. ರಕ್ತ ನೋಡದೆ ಹೇಳುವಂತಿಲ್ಲವೆಂದು ಅವರು ಉತ್ತರ ಕೊಟ್ಟರು. ಮೂರು ತಿಂಗಳ ಔಷಧವನ್ನು ಆತನು ಈ ಸಲ ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಹೋಯಿತು, ಐದು ಕಿಲೋ ತೂಕ ಬಂದಿತು, ಬಗ್ಗಿದರೆ ಮಾತ್ರ ಸೊಂಟ ನೋಯುತ್ತಿತ್ತು. ಅರುವತ್ತು ಕುರಿಗಳಲ್ಲಿ ಹದಿನಾಲ್ಕನ್ನು ಬೇರೆ ಮಾಡಬೇಕಾಯಿತು.